ಹನ್ನೆರಡು ನಿಮಿಷ ಓಡಿ, ಹೃದಯದ ಮಿತಿಯನ್ನು ಅಳೆಯುವುದು ಹೇಗೆ?

ಕೈಗಡಿಯಾರದ ಪರದೆಯ ಮೇಲೆ ‘ವಿಒ2 ಮ್ಯಾಕ್ಸ್ 38’ ಎಂದು ಮೂಡುವ ಅಂಕಿಯನ್ನು ಈಗ ಬೆಂಗಳೂರಿನ ಉದ್ಯಾನಗಳಲ್ಲಿ ಓಡುವ ಬಹುತೇಕರು ನೋಡಿರುತ್ತಾರೆ. ದೇಹವು ತನ್ನ ಪೂರ್ಣ ಸಾಮರ್ಥ್ಯದಲ್ಲಿ ದುಡಿಯುವಾಗ, ಒಂದು ನಿಮಿಷದಲ್ಲಿ, ಪ್ರತಿ ಕಿಲೋ ತೂಕಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕವನ್ನು ಬಳಸಬಲ್ಲದು ಎಂಬುದೇ ಆ ಅಂಕಿಯ ಅರ್ಥ. ಸುಮ್ಮನೆ ಕುಳಿತಾಗ ನಮಗೆ ಬೇಕಾಗುವುದು ಸುಮಾರು 3.5 ಮಿಲಿಲೀಟರ್ ಮಾತ್ರ. ಓಟದ ವೇಗ ಏರಿದಂತೆ ಬಳಕೆಯೂ ಏರುತ್ತ ಹೋಗಿ, ಒಂದು ಹಂತದಲ್ಲಿ ವೇಗ ಹೆಚ್ಚಿಸಿದರೂ ಬಳಕೆ ಹೆಚ್ಚದೆ ನಿಲ್ಲುತ್ತದೆ ಎಂಬುದನ್ನು 1923ರಲ್ಲಿ ಬ್ರಿಟನ್ನಿನ ಎ.ವಿ. ಹಿಲ್ ಮತ್ತು ಹಾರ್ಟ್ಲಿ ಲುಪ್ಟನ್ ವಿವರಿಸಿದರು. ಆ ಮಿತಿ ದೇಹದ ಯಾವ ಭಾಗದಲ್ಲಿದೆ ಎಂದು ತಿಳಿಯಲು ಮೊದಲು ಅಂಕಿಯನ್ನು ನಾವೇ ಅಳೆದುಕೊಳ್ಳುವುದು ಒಳ್ಳೆಯದು. ಅದಕ್ಕೆ ಗಡಿಯಾರದ ಅಂದಾಜಿಗಿಂತ ಟ್ರ್ಯಾಕ್ ಮೇಲಿನ ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಈ ಪರೀಕ್ಷೆಯನ್ನು ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದರು. ಹನ್ನೆರಡು ನಿಮಿಷದಲ್ಲಿ ಸಾಧ್ಯವಾದಷ್ಟು ದೂರ ಓಡುವುದು, ಅಷ್ಟೇ. ಆದರೆ ಇದು ಪೂರ್ಣ ಶ್ರಮದ ಓಟವಾದ್ದರಿಂದ ಎದೆನೋವು, ರಕ್ತದೊತ್ತಡ, ಮಧುಮೇಹ ಇರುವವರು ಮತ್ತು ಬಹಳ ಕಾಲ ವ್ಯಾಯಾಮ ಬಿಟ್ಟಿರುವ ನಡುವಯಸ್ಸಿನವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

ಜಾಗ ಆರಿಸುವುದು ಮೊದಲ ಕೆಲಸ. ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಜಿಪಿಎಸ್ ದೂರವನ್ನು ಸರಿಯಾಗಿ ಹಿಡಿಯುವುದಿಲ್ಲ. ಕಂಠೀರವ ಕ್ರೀಡಾಂಗಣದಲ್ಲಿರುವಂಥ 400 ಮೀಟರ್ ಟ್ರ್ಯಾಕ್ ಬೇಕು, ಅದರಲ್ಲೂ ಒಳಗಿನ ಮೊದಲ ಲೇನ್‌ನಲ್ಲಿಯೇ ಓಡಬೇಕು. ಎರಡನೆಯ ಲೇನ್ ಪ್ರತಿ ಸುತ್ತಿಗೆ ಸುಮಾರು 7 ಮೀಟರ್ ಹೆಚ್ಚು ಉದ್ದವಿರುವುದರಿಂದ, ಐದಾರು ಸುತ್ತು ಅದರಲ್ಲಿ ಓಡಿ 400ರ ಲೆಕ್ಕ ಹಾಕಿದರೆ ಕೊನೆಯ ಅಂಕಿ ಹೆಚ್ಚುಕಡಿಮೆ ಒಂದರಷ್ಟು ತಗ್ಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೋಗಿ. ಹತ್ತು ನಿಮಿಷ ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಂಡು, ಪ್ರತಿ ಸುತ್ತಿನ ಸಮಯ ಬರೆದುಕೊಳ್ಳಲು ಮತ್ತು ಹನ್ನೆರಡನೆಯ ನಿಮಿಷಕ್ಕೆ ಸೀಟಿ ಊದಲು ಒಬ್ಬರನ್ನು ನಿಲ್ಲಿಸಿಕೊಳ್ಳಿ.

ಹೆಚ್ಚಿನ ಪರೀಕ್ಷೆಗಳು ಕೆಡುವುದು ಮೊದಲ ಸುತ್ತಿನಲ್ಲಿ. ಉದಾಹರಣೆಗೆ, ವಾರಕ್ಕೆ ಮೂರು ದಿನ ಓಡುವ, 40 ವರ್ಷದ, 70 ಕಿಲೋ ತೂಕದ ಒಬ್ಬರು ಐದೂವರೆ ಸುತ್ತು, ಅಂದರೆ 2,200 ಮೀಟರ್ ಓಡಬಲ್ಲವರು ಎಂದುಕೊಳ್ಳೋಣ. ಅವರ ಸಮವೇಗ ಸುತ್ತಿಗೆ ಸುಮಾರು 2 ನಿಮಿಷ 11 ಸೆಕೆಂಡು. ಹುರುಪಿನಲ್ಲಿ ಮೊದಲ ಸುತ್ತನ್ನು 1 ನಿಮಿಷ 45 ಸೆಕೆಂಡಿಗೆ ಮುಗಿಸಿದರೆ, ಕಾಲುಗಳು ಬೇಗ ಬಿಗಿದು ನಾಲ್ಕನೆಯ ಸುತ್ತು 2 ನಿಮಿಷ 30 ಸೆಕೆಂಡು ದಾಟುತ್ತದೆ. ಆಗ ಬರುವ ಅಂಕಿ ಅವರ ತಪ್ಪು ವೇಗದ್ದು, ಸಾಮರ್ಥ್ಯದ್ದಲ್ಲ. ಬರೆದಿಟ್ಟ ಸುತ್ತುಗಳ ಸಮಯ ಹೀಗೆ ಕ್ರಮೇಣ ಜಾರಿದ್ದರೆ ಒಂದು ವಾರ ಬಿಟ್ಟು ಮತ್ತೆ ಓಡಬೇಕು. ಇನ್ನೊಂದು ಕಡೆ, ಸೀಟಿ ಊದಿದ ಕೂಡಲೇ ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾದರೆ ಶ್ರಮ ಗರಿಷ್ಠ ಮಟ್ಟ ಮುಟ್ಟಿಲ್ಲವೆಂದೇ ಅರ್ಥ.

ಲೆಕ್ಕ ಸುಲಭ. ಮೀಟರಿನಲ್ಲಿರುವ ದೂರದಿಂದ 504.9 ಕಳೆದು, ಬಂದದ್ದನ್ನು 44.73ರಿಂದ ಭಾಗಿಸಬೇಕು. ನಮ್ಮ ಉದಾಹರಣೆಯಲ್ಲಿ 1,695.1 ಅನ್ನು 44.73ರಿಂದ ಭಾಗಿಸಿದರೆ 37.9 ಬರುತ್ತದೆ. ಅದನ್ನು 70 ಕಿಲೋದಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 2.65 ಲೀಟರ್ ಆಮ್ಲಜನಕ. ಈ ಲೀಟರಿನ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಐದು ಕಿಲೋ ಕೊಬ್ಬು ಕರಗಿದರೆ ಮೊದಲ ಅಂಕಿ ತಾನಾಗಿ ಏರುತ್ತದೆ, ಆದರೆ ಹೃದಯ ಬಲಗೊಂಡಿದೆಯೇ ಎಂಬುದು ಎರಡನೆಯದರಿಂದ ಮಾತ್ರ ಗೊತ್ತಾಗುತ್ತದೆ.

ಈಗ ಈ 2.65 ಲೀಟರನ್ನು ಬಿಡಿಸಿ ನೋಡೋಣ. ಹೃದಯ ನಿಮಿಷಕ್ಕೆ ಎಷ್ಟು ರಕ್ತ ನೂಕುತ್ತದೆ, ಪ್ರತಿ ಲೀಟರ್ ರಕ್ತದಿಂದ ದೇಹ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ ಎಂಬ ಎರಡನ್ನು ಗುಣಿಸಿದರೆ ಬರುವುದೇ ಈ ಮೊತ್ತ. 40ರ ವಯಸ್ಸಿಗೆ ಗರಿಷ್ಠ ಬಡಿತ ಅಂದಾಜು 180. ಒಂದೊಂದು ಬಡಿತಕ್ಕೆ 100 ಮಿಲಿಲೀಟರ್ ಎಂದು ಹಿಡಿದರೆ ನಿಮಿಷಕ್ಕೆ 18 ಲೀಟರ್ ರಕ್ತ. ಹಾಗಾದರೆ ಪ್ರತಿ ಲೀಟರಿನಿಂದ 147 ಮಿಲಿಲೀಟರ್ ಆಮ್ಲಜನಕ ಬಳಕೆಯಾಗಿದೆ. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿಲಿಲೀಟರ್ ಆಮ್ಲಜನಕ ಹೊರುವುದರಿಂದ, 100 ಮಿಲಿಲೀಟರಿಗೆ 14.5 ಗ್ರಾಂ ಹಿಮೋಗ್ಲೋಬಿನ್ ಇರುವ ರಕ್ತದ ಒಂದು ಲೀಟರಿನಲ್ಲಿ ಇರುವುದೇ ಹೆಚ್ಚೆಂದರೆ ಸುಮಾರು 194 ಮಿಲಿಲೀಟರ್. ಅಂದರೆ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ದೇಹ ಆಗಲೇ ಖಾಲಿ ಮಾಡಿದೆ. ಇನ್ನೂ ಹಿಂಡಲು ಉಳಿದಿರುವುದು ಸ್ವಲ್ಪವೇ.

ಹಾಗಾಗಿಯೇ ಆರೋಗ್ಯವಂತರಲ್ಲಿ ಮುಖ್ಯ ಮಿತಿ ಹೃದಯ ನೂಕುವ ರಕ್ತದ ಪ್ರಮಾಣವೆಂದು ಹೇಳುವುದು. ಸ್ನಾಯುಗಳು ಸೋಮಾರಿಗಳಲ್ಲ. 1985ರಲ್ಲಿ ಬೆಂಗ್ಟ್ ಸಾಲ್ಟಿನ್ ಮತ್ತು ಪೆರ್ ಆಂಡರ್ಸನ್ ಒಂದೇ ಕಾಲಿನ ತೊಡೆ ಸ್ನಾಯುವನ್ನು ಮಾತ್ರ ದುಡಿಸಿ ನೋಡಿದಾಗ, ಆ ಪುಟ್ಟ ಸ್ನಾಯುರಾಶಿ ಎಷ್ಟು ರಕ್ತವನ್ನು ಎಳೆದುಕೊಂಡಿತೆಂದರೆ, ದೇಹದ ಎಲ್ಲ ಸ್ನಾಯುಗಳೂ ಅದೇ ಪ್ರಮಾಣದಲ್ಲಿ ಕೇಳಿದ್ದರೆ ಯಾವ ಹೃದಯಕ್ಕೂ ಪೂರೈಸಲು ಆಗುತ್ತಿರಲಿಲ್ಲ. ಇದಕ್ಕೂ ಮೊದಲು, 1966ರಲ್ಲಿ, ಅಮೆರಿಕದ ಡಲ್ಲಾಸ್‌ನಲ್ಲಿ ಐವರು ಯುವಕರನ್ನು ಇಪ್ಪತ್ತು ದಿನ ಹಾಸಿಗೆಯಲ್ಲೇ ಮಲಗಿಸಿದಾಗ ಅವರ ಗರಿಷ್ಠ ಆಮ್ಲಜನಕ ಬಳಕೆ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು, ಮತ್ತು ಕುಸಿತದ ಬಹುಪಾಲು ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತ ಕಡಿಮೆಯಾದುದರಿಂದಲೇ ಬಂದಿತ್ತು. ತರಬೇತಿಯಲ್ಲಿ ಇದರ ತಿರುವುಮುರುವು ನಡೆಯುತ್ತದೆ: ಗರಿಷ್ಠ ಬಡಿತ ಹೆಚ್ಚುವುದಿಲ್ಲ, ವಯಸ್ಸಿನೊಂದಿಗೆ ಅದು ಇಳಿಯುವುದೇ ಸರಿ. ಆದರೆ ಒಂದು ಬಡಿತದ ರಕ್ತ 100ರಿಂದ 110 ಮಿಲಿಲೀಟರಿಗೆ ಏರಿದರೆ ಸಾಕು, ನಮ್ಮ ಉದಾಹರಣೆಯ ವ್ಯಕ್ತಿಯ ಅಂಕಿ 41.6 ಮುಟ್ಟುತ್ತದೆ.

ರಕ್ತದ ಗುಣವೂ ಇಷ್ಟೇ ಮುಖ್ಯ, ಮತ್ತು ನಮ್ಮಲ್ಲಿ ಹೆಚ್ಚಾಗಿ ಕಡೆಗಣಿಸುವುದು ಇದನ್ನೇ. ಅದೇ ವ್ಯಕ್ತಿಯ ಹಿಮೋಗ್ಲೋಬಿನ್ 11ಕ್ಕೆ ಇಳಿದು, ಹೃದಯ ಅಷ್ಟೇ ರಕ್ತ ನೂಕಿ, ದೇಹ ಅಷ್ಟೇ ಪಾಲು ಹೀರಿದರೂ, ಅಂಕಿ 29ರ ಸುಮಾರಿಗೆ ಬೀಳುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಓಡಿಯೂ ದೂರ ಏರದಿದ್ದರೆ, ಹೊಸ ಶೂ ಕೊಳ್ಳುವ ಮೊದಲು ರಕ್ತಪರೀಕ್ಷೆ ಮಾಡಿಸುವುದು ಮೇಲು. ರಕ್ತದಾನ ಮಾಡಿದ ನಂತರದ ಕೆಲವು ವಾರಗಳಲ್ಲಿಯೂ ಈ ಪರೀಕ್ಷೆ ಓಡಬೇಡಿ, ಅಂಕಿ ಸುಳ್ಳು ಹೇಳುತ್ತದೆ.

ಏದುಸಿರು ಬರುವುದರಿಂದ ಶ್ವಾಸಕೋಶವೇ ಸಾಲದಾಯಿತು ಎಂದು ಹೆಚ್ಚಿನವರು ಭಾವಿಸುತ್ತಾರೆ. ಆದರೆ ಆಸ್ತಮಾದಂಥ ಕಾಯಿಲೆ ಇಲ್ಲದ ಸಾಮಾನ್ಯ ಓಟಗಾರರಲ್ಲಿ, ಪೂರ್ಣ ಶ್ರಮದಲ್ಲಿಯೂ ಶ್ವಾಸಕೋಶದಿಂದ ಹೊರಡುವ ರಕ್ತ ಆಮ್ಲಜನಕದಿಂದ ಬಹುತೇಕ ತುಂಬಿಯೇ ಇರುತ್ತದೆ. ಅದು ಸಾಲದಾಗುವುದು ಕೆಲವು ಉನ್ನತ ಮಟ್ಟದ ಕ್ರೀಡಾಪಟುಗಳಲ್ಲಿ, ಅವರ ಹೃದಯ ರಕ್ತವನ್ನು ಅತಿ ವೇಗವಾಗಿ ಹಾಯಿಸುವುದರಿಂದ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ತುಸು ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಇದರ ಪೆಟ್ಟು ಹವ್ಯಾಸಿಗಳಿಗಿಂತ ಪಳಗಿದ ಓಟಗಾರರ ಅಂಕಿಯ ಮೇಲೆಯೇ ಹೆಚ್ಚು ಬೀಳುತ್ತದೆ.

ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ಗರಿಷ್ಠ ಬಡಿತವೇ ತಗ್ಗಿರುವುದರಿಂದ ಮೇಲಿನ 180ರ ಲೆಕ್ಕ ಅವರಿಗೆ ಹೊಂದುವುದಿಲ್ಲ. ಉಳಿದವರು ಎರಡು ಮೂರು ತಿಂಗಳು ಅಭ್ಯಾಸ ಮಾಡಿ ಅದೇ ಟ್ರ್ಯಾಕಿನಲ್ಲಿ, ಅದೇ ಹೊತ್ತಿಗೆ ಮತ್ತೆ ಓಡಬೇಕು. ಕೂಪರ್ ಸೂತ್ರ ಓಟದ ಶೈಲಿಯ ವ್ಯತ್ಯಾಸವನ್ನು ಗಮನಿಸದೆ ಎಲ್ಲರಿಗೂ ಒಂದೇ ಲೆಕ್ಕ ಹಾಕುವುದರಿಂದ, ಪಕ್ಕದಲ್ಲಿ ಓಡಿದವರ ಅಂಕಿಯೊಂದಿಗೆ ಹೋಲಿಸಿದರೆ ಏನೂ ತಿಳಿಯದು. ನಿಮ್ಮದೇ ಹಳೆಯ ಅಂಕಿಗಿಂತ ಒಂದೆರಡು ಏರಿದ್ದರೂ, ಅದು ಆ ದಿನದ ಗಾಳಿ, ನಿದ್ದೆಗಳಿಂದ ಆಗಬಹುದಾದ ವ್ಯತ್ಯಾಸದೊಳಗೇ ಇರುತ್ತದೆ. ಮೂರು ನಾಲ್ಕು ಏರಿದ್ದು, ತೂಕ ಮಾತ್ರ ಇದ್ದಷ್ಟೇ ಇದ್ದರೆ, ಬಹುಮಟ್ಟಿಗೆ ಹೃದಯದ ಒಂದೊಂದು ಬಡಿತವೂ ಹೆಚ್ಚು ರಕ್ತ ನೂಕುತ್ತಿದೆ ಎಂದು ತಿಳಿಯಬಹುದು.