ಹೆಂಡತಿಗೆ ಹೇಳದೆ ಮಾಡಿದ ಸಾಲ, ಆಮೇಲೆ ನಾವು ಹಿಡಿದ ದಾರಿ

ಸುಳ್ಳು ಹೇಳಿ ಸಿಕ್ಕಿಬಿದ್ದ ದಿನ ಬಾಯಿಗೆ ಮೊದಲು ಬರುವುದು ಕ್ಷಮೆ. ಮೊದಲು ಕೊಡಬೇಕಾದದ್ದು ಪಟ್ಟಿ. ಒಂದೂವರೆ ವರ್ಷ ಮನೆಯಲ್ಲಿ ಹೇಳದೆ ಸಾಲ ಮಾಡಿಕೊಂಡಿದ್ದವನು ನಾನು. ಯಾಕೆ ಮಾಡಿದೆ ಎಂಬ ಕಥೆ ಇಲ್ಲಿ ಬೇಡ, ಗೊತ್ತಾದ ಮೇಲೆ ನಾವಿಬ್ಬರೂ ನಡೆಸಿಕೊಂಡು ಬಂದ ಕ್ರಮವನ್ನಷ್ಟೇ ಬರೆಯುತ್ತೇನೆ.

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದು ಕಂತಿನಲ್ಲಿ ಹೇಳುವ ಸತ್ಯ. ನಾನು ಮೊದಲ ದಿನ ಒಪ್ಪಿಕೊಂಡಿದ್ದು 3 ಲಕ್ಷ. ಮೂರನೆಯ ದಿನ ಅದು ವೈಯಕ್ತಿಕ ಸಾಲ 4,10,000 ಮತ್ತು ಕ್ರೆಡಿಟ್ ಕಾರ್ಡ್ ಬಾಕಿ 1,45,000 ಆಯಿತು. ಒಂದು ವಾರ ಬಿಟ್ಟು ಗೆಳೆಯನೊಬ್ಬನಿಂದ ತಂದ 2 ಲಕ್ಷದ ಕೈಸಾಲ ಹೊರಬಂತು. ಒಟ್ಟು 7,55,000. ಒಂದೇ ಸಲ ಈ ಮೊತ್ತ ಹೇಳಿದ್ದರೆ ಒಂದು ಪೆಟ್ಟು. ಮೂರು ಸಲ ಹೇಳಿದ್ದರಿಂದ, ‘ಇಷ್ಟೇ’ ಎಂಬ ಮಾತಿಗೆ ಬೆಲೆಯೇ ಇಲ್ಲದಂತಾಯಿತು. ಎಲ್ಲ ಹೇಳಿ ಮುಗಿದ ಮೇಲೂ ಅವಳು ನಾಲ್ಕನೆಯದಕ್ಕೆ ಕಾಯುತ್ತಿದ್ದಳು. ಮೊತ್ತ ಕಮ್ಮಿ ಹೇಳಿದರೆ ನೋವು ಕಮ್ಮಿಯಾಗುತ್ತದೆ ಎಂದು ಆ ಹೊತ್ತಿನಲ್ಲಿ ಅನ್ನಿಸುತ್ತದೆ. ನೋವು ಕಮ್ಮಿಯಾಗುವುದಿಲ್ಲ, ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಹಾಗಾಗಿ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದೆ: ಯಾರಿಂದ, ಯಾವ ತಿಂಗಳು, ತಂದದ್ದೆಷ್ಟು, ಬಾಕಿ ಎಷ್ಟು, ತಿಂಗಳ ಕಂತು ಎಷ್ಟು, ಯಾವ ಖಾತೆಯಿಂದ ಹೋಗುತ್ತದೆ. ಆದರೆ ಸುಳ್ಳು ಹೇಳಿದವನೇ ಬರೆದ ಪಟ್ಟಿಯನ್ನು ನಂಬುವುದು ಹೇಗೆ? ನನ್ನ ಕೈ ಸೋಕದ ಸಾಕ್ಷಿ ಬೇಕಿತ್ತು. ನನ್ನ ಹೆಸರಿನಲ್ಲಿರುವ ಬ್ಯಾಂಕು, ಕಾರ್ಡುಗಳ ಸಾಲ ದಾಖಲಾಗಿರುವ ಕ್ರೆಡಿಟ್ ರಿಪೋರ್ಟನ್ನು ಅವಳ ಮುಂದೆಯೇ, ಅವಳ ಕಂಪ್ಯೂಟರಿನಲ್ಲಿ ತೆಗೆದೆವು. ಸ್ಕ್ರೀನ್‌ಶಾಟ್ ಕಳಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಸ್ಕ್ರೀನ್‌ಶಾಟಿನಲ್ಲಿ ಏನು ಕಾಣಬೇಕು ಎಂದು ತೀರ್ಮಾನಿಸುವುದು ಮತ್ತೆ ಮುಚ್ಚಿಟ್ಟವನೇ. ಆದರೆ ರಿಪೋರ್ಟಿಗೂ ಮಿತಿಯಿದೆ. ಕೈಸಾಲ ಅದರಲ್ಲಿ ಬರುವುದಿಲ್ಲ, ಹೊಸದಾಗಿ ತೆಗೆದ ಸಾಲ ಕಾಣಿಸಲು ಕೆಲವು ವಾರ ಹಿಡಿಯಬಹುದು. ಅದಕ್ಕೇ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ತೆಗೆದೆವು. ಕೈಸಾಲದ ಮಟ್ಟಿಗೆ, ಕೊಟ್ಟವನಿಗೆ ಅವಳೆದುರೇ ಫೋನ್ ಮಾಡಿ ಬಾಕಿ ಎಷ್ಟೆಂದು ಕೇಳಿದೆ.

ಎರಡನೆಯ ಪಟ್ಟಿ ಇನ್ನೂ ಕಷ್ಟದ್ದು, ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ. ಸಾಲ ಮುಚ್ಚಿಡಲು ಹೇಳಿದ ಸುಳ್ಳುಗಳ ಪಟ್ಟಿ. ‘ಈ ಸಲ ಬೋನಸ್ ಬರಲಿಲ್ಲ’ ಎಂದದ್ದು ಯಾವ ತಿಂಗಳು, ಆ ದುಡ್ಡು ಹೋದದ್ದೆಲ್ಲಿಗೆ. ಪ್ರವಾಸ ಬೇಡ ಎನ್ನಲು ಇದ್ದ ನಿಜವಾದ ಕಾರಣ ಯಾವುದು. ಮೋಸಹೋದವರಿಗೆ ಹಣಕ್ಕಿಂತ ಹೆಚ್ಚಾಗಿ ಕಾಡುವುದು ತಮ್ಮ ನೆನಪೇ. ಕಳೆದ ಒಂದೂವರೆ ವರ್ಷದಲ್ಲಿ ಯಾವುದು ನಿಜ, ಯಾವುದು ನಾಟಕ ಎಂದು ಅವರು ಮತ್ತೆ ಜೋಡಿಸಿಕೊಳ್ಳಬೇಕು. ಜೋಡಿಸಲು ಬೇಕಾದ ತಾರೀಕುಗಳು ಇರುವುದು ಸುಳ್ಳು ಹೇಳಿದವನ ಹತ್ತಿರ ಮಾತ್ರ. ಈ ಪಟ್ಟಿಯಲ್ಲಿ ‘ನಿನಗೆ ಬೇಜಾರಾಗಬಾರದು ಅಂತ’ ಎಂದು ಎಲ್ಲೂ ಬರೆಯಬಾರದು. ಅದು ನಿಜವೇ ಇರಬಹುದು, ಆದರೂ ಅವಳ ಕಿವಿಗೆ ಅದು ಕೇಳುವುದು ‘ನಿನ್ನಿಂದಾಗಿ’ ಎಂದು.

ಪಟ್ಟಿ ಕೊಟ್ಟ ಮೇಲೆ ಇನ್ನೇನಾದರೂ ನೆನಪಾಗಿಯೇ ಆಗುತ್ತದೆ. ಅದಕ್ಕೊಂದು ನಿಯಮ ಇಟ್ಟುಕೊಂಡೆವು: ನೆನಪಾದ 24 ಗಂಟೆಯೊಳಗೆ ನಾನಾಗಿ ಹೇಳಿದರೆ ಅದು ತಿದ್ದುಪಡಿ, ಅವಳಿಗೇ ಸಿಕ್ಕಿದರೆ ಹೊಸ ಸುಳ್ಳು.

ಇನ್ನು ಪ್ರಶ್ನೆಗಳು. ಮೊದಮೊದಲು ಅವು ಯಾವ ಹೊತ್ತಿಗಾದರೂ ಬರುತ್ತಿದ್ದವು, ರಾತ್ರಿ ಒಂದು ಗಂಟೆಗೂ. ನಿದ್ದೆಗಣ್ಣಿನಲ್ಲಿ ಕೊಟ್ಟ ಉತ್ತರ ಬೆಳಗಿನ ಉತ್ತರಕ್ಕಿಂತ ಒಂದು ಎಳೆ ಬೇರೆಯಾದರೂ ಸಾಕು, ಅದೇ ಹೊಸ ಅನುಮಾನ. ಆಮೇಲೆ ವಾರಕ್ಕೆ ಮೂರು ದಿನ, ಅರ್ಧ ಗಂಟೆ, ಊಟಕ್ಕೆ ಮುಂಚೆ ಎಂದು ಗೊತ್ತುಮಾಡಿದೆವು. ನಡುವೆ ಹೊಳೆದ ಪ್ರಶ್ನೆಯನ್ನು ಅವಳು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಒಂದೇ ಪ್ರಶ್ನೆ ಹತ್ತು ಸಲ ಬಂದರೆ ಹತ್ತು ಸಲವೂ ಪೂರ್ತಿ ಉತ್ತರ ಕೊಡಬೇಕು. ‘ಆಗಲೇ ಹೇಳಿದೆನಲ್ಲ’ ಎಂದರೆ ಅಂದಿನ ಅರ್ಧ ಗಂಟೆ ಅಲ್ಲಿಗೆ ಮುಗಿದಂತೆ. ಎದೆ ಡವಡವ ಎನ್ನತೊಡಗಿ ದನಿ ಏರಿದರೆ ಮಾತು ತಲೆಗೆ ಹೋಗುವುದಿಲ್ಲ, ಮೈ ತಣ್ಣಗಾಗಲು 20 ನಿಮಿಷವಾದರೂ ಬೇಕು. ಎದ್ದು ಹೋಗುವವನು ‘ಎಂಟೂವರೆಗೆ ಬರ್ತೀನಿ’ ಎಂದು ಹೇಳಿ ಹೋಗಬೇಕು, ಎಂಟೂವರೆಗೇ ಬರಬೇಕು. ಸಮಯ ಹೇಳದೆ ಎದ್ದರೆ ಅದು ಓಡಿಹೋದಂತೆಯೇ.

ವಾರಕ್ಕೊಮ್ಮೆ ಲೆಕ್ಕದ ಕೂಟ, ಭಾನುವಾರ ಬೆಳಿಗ್ಗೆ ನಲವತ್ತು ನಿಮಿಷ. ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡುವುದು ಅವಳು, ಸಾಲು ಸಾಲಾಗಿ ವಿವರಿಸುವುದು ನಾನು. ಕೂರಲು ಕರೆಯುವುದು ಕಡ್ಡಾಯವಾಗಿ ನನ್ನ ಕೆಲಸ. ಅವಳೇ ನೆನಪಿಸಬೇಕಾಗಿ ಬಂದರೆ ಅವಳು ಕಾವಲುಗಾರಳಾಗುತ್ತಾಳೆ, ಆ ಪಾತ್ರ ಯಾರಿಗೂ ಬೇಡ. ಐದನೆಯ ವಾರ ಎಟಿಎಂನಿಂದ ತೆಗೆದ 2,000 ಯಾವುದಕ್ಕೆ ಎಂದು ನನಗೆ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ‘ಪೆಟ್ರೋಲ್’. ಪೆಟ್ರೋಲಿಗೆ ಕಾರ್ಡ್ ಉಜ್ಜಿದ ಸಾಲು ಎರಡು ಸಾಲು ಕೆಳಗೇ ಇತ್ತು. ಬೆರಳಿಟ್ಟು ಅವಳು ಕೇಳಿದಳು, ‘ಮತ್ತೆ ಇದು?’ ಹಣ ಸಣ್ಣದು, ಆದರೆ ತಡವರಿಸಿದಾಗ ಸುಳ್ಳಿಗೆ ಕೈ ಹಾಕುವ ಹಳೆಯ ಚಾಳಿ ಹಾಗೇ ಇತ್ತು. ಅಂದಿನಿಂದ ‘ನೆನಪಿಲ್ಲ, ನಾಳೆ ಸಂಜೆಯೊಳಗೆ ಹೇಳ್ತೀನಿ’ ಎಂಬುದನ್ನೂ ಸರಿಯಾದ ಉತ್ತರ ಎಂದು ಒಪ್ಪಿಕೊಂಡೆವು. ಆ ಒಂದು ವಾಕ್ಯಕ್ಕೆ ಜಾಗ ಮಾಡಿಕೊಟ್ಟಿದ್ದು ಉಳಿದೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ತಪಾಸಣೆ ಸುಳ್ಳಿನ ಜಾಗದಲ್ಲೇ ನಡೆಯಬೇಕು. ಸುಳ್ಳು ಹಣದ್ದಾದರೆ ಹಣದ ಲೆಕ್ಕ ತೆರೆದಿಡಿ. ಫೋನಿನ ಲೊಕೇಶನ್, ಗೆಳೆಯರ ಮೆಸೇಜು ನೋಡುವುದರಿಂದ ಏನೂ ತಿಳಿಯುವುದಿಲ್ಲ, ಹುಡುಕುವ ಚಟವೊಂದು ಬೆಳೆಯುತ್ತದೆ. ಸಾಲ ತೀರಿಸುವುದನ್ನೂ ನಂಬಿಕೆಯನ್ನೂ ಬೇರೆಬೇರೆ ಇಟ್ಟುಕೊಳ್ಳಿ. ಮೊದಲ ತಿಂಗಳುಗಳಲ್ಲಿ ಅವಳಿಂದ ಯಾವ ಕಾಗದಕ್ಕೂ ಸಹಿ ಕೇಳಲಿಲ್ಲ, ಅವಳ ಉಳಿತಾಯ ಮುಟ್ಟಲಿಲ್ಲ. ‘ನಂಬಿದ್ದರೆ ಸಹಿ ಹಾಕು’ ಎಂಬ ಮಾತು ಬಂದಲ್ಲಿ ಈ ಕ್ರಮವೆಲ್ಲ ವ್ಯರ್ಥ. ಮನೆಯಲ್ಲಿ ಹೆದರಿಕೆ ಇದ್ದು, ಹೊಡೆತ ಬೈಗುಳಕ್ಕೆ ಅಂಜಿ ಹೇಳಿದ ಸುಳ್ಳಾದರೆ ಈ ಪಟ್ಟಿ, ಪ್ರಶ್ನೆಗಳು ಅಲ್ಲಿ ಅಪಾಯಕಾರಿ. ಅಲ್ಲಿ ಮೊದಲು ನೋಡಬೇಕಾದದ್ದು ಸುರಕ್ಷತೆ.

ಆರು ತಿಂಗಳು ವಾರಕ್ಕೊಮ್ಮೆ ನಡೆದ ಕೂಟ ಆಮೇಲೆ ಹದಿನೈದು ದಿನಕ್ಕೊಮ್ಮೆ ಆಯಿತು, ಹತ್ತನೆಯ ತಿಂಗಳಿಗೆ ತಿಂಗಳಿಗೊಮ್ಮೆ. ಕಡಿಮೆ ಮಾಡೋಣ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ‘ಇನ್ನೂ ಎಷ್ಟು ದಿನ?’ ಎಂದು ಸುಳ್ಳು ಹೇಳಿದವನೇ ಕೇಳಿದರೆ ಗಡುವು ಅಲ್ಲಿಂದ ಮತ್ತೆ ಶುರುವಾಗುತ್ತದೆ. ತಿಂಗಳಿನ ಕೂಟ ಈಗಲೂ ಇದೆ. ಕಾಲು ಗಂಟೆ ಸಾಕಾಗುತ್ತದೆ, ಅರ್ಧ ಹೊತ್ತು ಕರೆಂಟ್ ಬಿಲ್ಲಿನ ಮಾತೇ.