ಶುಲ್ಕ, ರಜೆಯ ಸುತ್ತೋಲೆಯನ್ನು ಕನ್ನಡಕ್ಕೆ ತರುವುದು ಹೇಗೆ?

ಶಾಲೆಯ ಇಂಗ್ಲಿಷ್ ಸುತ್ತೋಲೆಯನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ಕನ್ನಡ ಶಿಕ್ಷಕರಿಗೋ ಕಚೇರಿಯ ಗುಮಾಸ್ತರಿಗೋ ಬೀಳುತ್ತದೆ. ಇಬ್ಬರಿಗೂ ಎರಡೂ ಭಾಷೆ ಚೆನ್ನಾಗಿಯೇ ಬರುತ್ತದೆ. ಆದರೂ ಸುತ್ತೋಲೆ ಮನೆ ತಲುಪಿದ ಮರುದಿನ ಕಚೇರಿಯ ಕಿಟಕಿಯ ಮುಂದೆ ಅದೇ ಪ್ರಶ್ನೆ ಕೇಳಿಬರುತ್ತದೆ: “ಹತ್ತರೊಳಗೆ ಅಂದರೆ ಹತ್ತನೇ ತಾರೀಖು ಕಟ್ಟಬಹುದೋ, ಒಂಬತ್ತಕ್ಕೇ ಮುಗಿಯಿತೋ?” ಅನುವಾದ ಎಡವುವುದು ಕಠಿಣ ಪದಗಳಲ್ಲಿ ಅಲ್ಲ, ತಾರೀಖುಗಳ ಅಂಚಿನಲ್ಲಿ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಉದಾಹರಣೆಗೆ ಒಂದು ಸುತ್ತೋಲೆಯನ್ನು ಇಟ್ಟುಕೊಳ್ಳೋಣ. ಎರಡನೇ ಕಂತಿನ 12,500 ರೂಪಾಯಿಯನ್ನು ಅಕ್ಟೋಬರ್ 10ರಂದು ಅಥವಾ ಅದಕ್ಕೆ ಮೊದಲು ಕಟ್ಟಬೇಕು. ತಪ್ಪಿದರೆ ದಿನಕ್ಕೆ 50 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ದಂಡ. ಅಕ್ಟೋಬರ್ 3ರಿಂದ 18ರವರೆಗೆ, ಎರಡೂ ದಿನ ಸೇರಿ, ರಜೆ; 19ರ ಸೋಮವಾರ ಶಾಲೆ ಮತ್ತೆ ಆರಂಭ.

ಮೊದಲ ಹಂತದಲ್ಲಿ ಅನುವಾದಕ್ಕೆ ಕೈ ಹಾಕದೆ, ಇಂಗ್ಲಿಷ್ ಪ್ರತಿಯಲ್ಲಿರುವ ಎಲ್ಲ ತಾರೀಖು ಮತ್ತು ಮೊತ್ತಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡು, ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ವಾರ ಸರಿಯಿದೆಯೇ ಎಂದು ನೋಡಬೇಕು. ಕಳೆದ ವರ್ಷದ ಸುತ್ತೋಲೆಯಲ್ಲಿ ತಾರೀಖು ಮಾತ್ರ ತಿದ್ದಿ ವಾರವನ್ನು ಹಾಗೆಯೇ ಬಿಡುವುದು ಕಚೇರಿಗಳಲ್ಲಿ ಮಾಮೂಲು.

ಎರಡನೆಯ ಹಂತ, ಸುತ್ತೋಲೆಯೊಳಗಿನ ಗೊಂದಲವನ್ನು ಹುಡುಕುವುದು. ನಮ್ಮ ಉದಾಹರಣೆಯಲ್ಲೇ ಅಂಥ ಎರಡಿವೆ. ಶುಲ್ಕದ ಕೊನೆಯ ದಿನವಾದ 10ನೇ ತಾರೀಖು ರಜೆಯ ನಡುವೆ ಬೀಳುತ್ತದೆ. ಹಾಗಾದರೆ ಅಂದು ಕಚೇರಿ ತೆರೆದಿರುತ್ತದೆಯೇ? ರಜೆಯ ದಿನಗಳಿಗೂ ದಂಡ ಲೆಕ್ಕಕ್ಕೆ ಬರುತ್ತದೆಯೇ? ಎರಡನೆಯದು ಇನ್ನೂ ಸೂಕ್ಷ್ಮ. ರಜೆ 3ರಿಂದ ಎಂದಿರುವುದರಿಂದ ತರಗತಿಗೆ ಕೊನೆಯ ದಿನ 2ನೇ ತಾರೀಖು ಎಂದು ಓದುಗರು ಎಣಿಸುತ್ತಾರೆ. ಆದರೆ ಅಕ್ಟೋಬರ್ 2 ಗಾಂಧಿ ಜಯಂತಿ, ಅಂದು ತರಗತಿ ಇರುವುದಿಲ್ಲ. ಜಯಂತಿಯ ಕಾರ್ಯಕ್ರಮಕ್ಕೆ ಮಕ್ಕಳು ಬರಬೇಕೇ ಎಂಬುದನ್ನು ಶಾಲೆಯೇ ಹೇಳಬೇಕು. ಇವುಗಳಿಗೆ ಅನುವಾದಕರು ತಾವೇ ಉತ್ತರ ಊಹಿಸಿ ಬರೆಯಬಾರದು, ಹಾಗೆಂದು ಗೊಂದಲವನ್ನು ಇದ್ದಂತೆಯೇ ಕನ್ನಡಕ್ಕೆ ಸಾಗಿಸಲೂಬಾರದು. ಮುಖ್ಯೋಪಾಧ್ಯಾಯರನ್ನು ಕೇಳಿ, ಉತ್ತರವನ್ನು ಇಂಗ್ಲಿಷ್ ಪ್ರತಿಯ ಅಂಚಿನಲ್ಲಿಯೇ ಅವರಿಂದ ಬರೆಸಿಕೊಂಡರೆ ಎರಡು ಪ್ರತಿಗಳೂ ಒಟ್ಟಿಗೆ ಸರಿಹೋಗುತ್ತವೆ. ನಮ್ಮ ಉದಾಹರಣೆಯಲ್ಲಿ, ರಜೆಯಲ್ಲೂ ಶುಲ್ಕ ಕಟ್ಟಬಹುದು, ಆ ದಿನಗಳಿಗೂ ದಂಡ ಲೆಕ್ಕಕ್ಕೆ ಬರುತ್ತದೆ ಎಂಬ ಉತ್ತರ ಬಂದಿದೆ ಎಂದಿಟ್ಟುಕೊಳ್ಳೋಣ.

ಮೂರನೆಯದೇ ನಿಜವಾದ ಕಷ್ಟದ ಹಂತ. “ಆನ್ ಆರ್ ಬಿಫೋರ್” ಎಂಬುದರಲ್ಲಿ ಆ ದಿನವೂ ಸೇರಿದೆ ಎಂಬುದು ಸ್ಪಷ್ಟ. ಅದನ್ನು “10ರೊಳಗೆ” ಎಂದು ಬರೆದ ಕೂಡಲೇ ಆ ಸ್ಪಷ್ಟತೆ ಹೋಗುತ್ತದೆ, ಏಕೆಂದರೆ ಕನ್ನಡದ “ಒಳಗೆ” ಎಂಬುದನ್ನು ಹತ್ತನ್ನು ಸೇರಿಸಿಯೂ ಓದಬಹುದು, ಬಿಟ್ಟೂ ಓದಬಹುದು. “10ರ ಒಳಗಾಗಿ” ಎಂದು ಎಳೆದರೂ ಅಷ್ಟೇ. ಇದರ ಮೇಲೆ “ಫೇಲಿಂಗ್ ವಿಚ್” ಎಂಬ ಬಾಲವನ್ನೂ ಒಂದೇ ವಾಕ್ಯಕ್ಕೆ ಪೋಣಿಸಿದರೆ ಬರುವುದು ಇಂಥ ಕನ್ನಡ:

“ಪೋಷಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಎರಡನೇ ಅವಧಿಯ ಶುಲ್ಕವನ್ನು ದಿನಾಂಕ 10ರೊಳಗೆ ಪಾವತಿಸತಕ್ಕದ್ದು, ತಪ್ಪಿದಲ್ಲಿ ಗರಿಷ್ಠ ರೂ. 500ಕ್ಕೊಳಪಟ್ಟು ದಿನವೊಂದಕ್ಕೆ ರೂ. 50 ವಿಳಂಬ ಶುಲ್ಕ ವಿಧಿಸಲಾಗುವುದು.”

ಇದರಲ್ಲಿ ವ್ಯಾಕರಣದೋಷವೇನೂ ಇಲ್ಲ, ಆದರೆ 13ರಂದು ಹಣ ಹೊಂದಿಸಿಕೊಳ್ಳುವ ತಂದೆ ಎಷ್ಟು ತರಬೇಕೆಂಬುದು ಇದರಿಂದ ತಿಳಿಯುವುದಿಲ್ಲ. ಹತ್ತು ಸೇರಿದ್ದರೆ ದಂಡ 150, ಸೇರದಿದ್ದರೆ 200. ಆದ್ದರಿಂದ ವಾಕ್ಯವನ್ನು ಒಡೆದು, ಕೊನೆಯ ದಿನವನ್ನೂ ದಂಡ ಶುರುವಾಗುವ ದಿನವನ್ನೂ ಬೇರೆಬೇರೆಯಾಗಿ ಹೇಳಬೇಕು:

“ಎರಡನೇ ಕಂತಿನ ಶುಲ್ಕ 12,500 ರೂಪಾಯಿ ಕಟ್ಟಲು ಅಕ್ಟೋಬರ್ 10 ಕೊನೆಯ ದಿನ. ಅಂದು ಕಟ್ಟಿದರೂ ದಂಡವಿಲ್ಲ. ಅಕ್ಟೋಬರ್ 11ರಿಂದ ದಿನಕ್ಕೆ 50 ರೂಪಾಯಿ ದಂಡ ಸೇರುತ್ತದೆ. ಎಷ್ಟೇ ತಡವಾದರೂ ಒಟ್ಟು ದಂಡ 500 ರೂಪಾಯಿ ದಾಟುವುದಿಲ್ಲ. ಉದಾಹರಣೆಗೆ, 13ರಂದು ಕಟ್ಟುವವರು 12,650 ರೂಪಾಯಿ ಕೊಡಬೇಕು.”

ಕೊನೆಯ ವಾಕ್ಯ ಇಂಗ್ಲಿಷ್‌ನಲ್ಲಿ ಇಲ್ಲವೆಂದು ಆಕ್ಷೇಪಿಸುವವರು ಇರುತ್ತಾರೆ. ಶಾಲೆಯ ಒಪ್ಪಿಗೆ ಪಡೆದು ಅದನ್ನು ಸೇರಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ಹತ್ತು ಜನ ಕಚೇರಿಗೆ ಫೋನ್ ಮಾಡುವುದು ಅದರಿಂದ ತಪ್ಪುತ್ತದೆ.

ರಜೆಯ ವಿಷಯದಲ್ಲೂ ಇದೇ ಸೂತ್ರ. “18ರವರೆಗೆ ರಜೆ” ಎಂದಷ್ಟೇ ಬರೆದರೆ 18ಕ್ಕೆ ಶಾಲೆಯಿದೆಯೆಂದು ಕೆಲವರು, ಇಲ್ಲವೆಂದು ಕೆಲವರು ತಿಳಿಯುತ್ತಾರೆ. “ಎರಡೂ ದಿನಗಳನ್ನೊಳಗೊಂಡಂತೆ” ಎಂಬ ಕಂತೆ ಸೇರಿಸುವುದಕ್ಕಿಂತ ಪೋಷಕರಿಗೆ ಬೇಕಾದ ಎರಡೇ ದಿನಗಳನ್ನು ಹೇಳುವುದು ಮೇಲು: “ರಜೆಗೆ ಮುಂಚೆ ತರಗತಿ ನಡೆಯುವ ಕೊನೆಯ ದಿನ ಅಕ್ಟೋಬರ್ 1. ಮಕ್ಕಳು ಮತ್ತೆ ಶಾಲೆಗೆ ಬರಬೇಕಾದದ್ದು ಅಕ್ಟೋಬರ್ 19, ಸೋಮವಾರ.” ತಿಂಗಳನ್ನು ಹೆಸರಿನಿಂದಲೇ ಬರೆಯಿರಿ, 3/10 ಎಂದರೆ ಯಾವುದು ದಿನ, ಯಾವುದು ತಿಂಗಳು ಎಂದು ಓದುಗರು ನಿಂತು ಯೋಚಿಸಬೇಕಾಗುತ್ತದೆ. ಅಂಕಿಗಳನ್ನು ಕನ್ನಡ ಅಂಕಿಗಳಿಗೆ ಬದಲಿಸುವುದು ಬೇಡ, ಪೋಷಕರು ಮೊತ್ತವನ್ನು ಬ್ಯಾಂಕಿನ ಸಂದೇಶದೊಂದಿಗೆ ಹೋಲಿಸಿ ನೋಡುತ್ತಾರೆ.

ನಾಲ್ಕನೆಯದು ಪದಗಳ ಹಂತ. ಕಂತು, ಬಾಕಿ, ರಸೀದಿ ಇವು ಮನೆಮಾತಿನಲ್ಲೇ ಇವೆ. ಚಲನ್, ಡಿಡಿ, ಆನ್‌ಲೈನ್, ಯುಪಿಐ ಹಾಗೆಯೇ ಇರಲಿ. ಡಿಡಿಯನ್ನು “ಬೇಡಿಕೆ ಹುಂಡಿ” ಮಾಡಿದರೆ ಬ್ಯಾಂಕಿನ ಕೌಂಟರಿನಲ್ಲಿ ಯಾರಿಗೂ ಅರ್ಥವಾಗದು. ನಿಘಂಟಿನ ಮೊದಲ ಅರ್ಥವನ್ನು ಹಿಡಿದುಕೊಳ್ಳುವ ಅಡ್ಡದಾರಿ ಇಲ್ಲಿ ಮೋಸ ಮಾಡುತ್ತದೆ. “ಯುವರ್ ವಾರ್ಡ್” ಎಂಬುದು “ನಿಮ್ಮ ವಾರ್ಡ್” ಆಗಿ ಅಚ್ಚಾದದ್ದನ್ನು ನಾನೇ ನೋಡಿದ್ದೇನೆ. ಅದು ನಗರಸಭೆಯ ವಾರ್ಡ್ ಅಲ್ಲ, ನಿಮ್ಮ ಮಗು. ಡಿಡಿಯ ಸಾಲಿನಲ್ಲಿ ಬರುವ “ಇನ್ ಫೇವರ್ ಆಫ್ ದಿ ಪ್ರಿನ್ಸಿಪಾಲ್” ಎಂಬುದನ್ನು “ಪ್ರಾಂಶುಪಾಲರ ಪರವಾಗಿ” ಎಂದರೆ ಅವರ ಬದಲಿಗೆ ಬೇರೆ ಯಾರೋ ಹಣ ಕಟ್ಟುತ್ತಿದ್ದಾರೆ ಎಂಬ ಅರ್ಥ ಬರುತ್ತದೆ. ಅಲ್ಲಿ “ಹೆಸರಿಗೆ” ಎಂದಿರಬೇಕು. ಖಾತೆಯ ಹೆಸರನ್ನು ಮಾತ್ರ ಅನುವಾದಿಸಬೇಡಿ, ಬ್ಯಾಂಕಿನಲ್ಲಿ ಇರುವಂತೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಇಡಿ. “ಟರ್ಮ್” ಎಂಬುದಕ್ಕೆ “ಅವಧಿ” ಎಂದು ಬರೆಯಬಹುದು, ಆದರೆ ವೇಳಾಪಟ್ಟಿಯ ಪೀರಿಯಡ್ಡಿಗೂ ಮಕ್ಕಳು ಅದನ್ನೇ ಬಳಸುವುದರಿಂದ ಶುಲ್ಕದ ಮಾತು ಬಂದಾಗ “ಕಂತು” ವಾಸಿ. ಉತ್ತರ ಕರ್ನಾಟಕದ ಶಾಲೆಯಾದರೆ “ಪೋಷಕರು” ಎಂಬಲ್ಲಿ “ಪಾಲಕರು” ಎಂದು ಬರೆಯಿರಿ.

ಟೈಪ್ ಮಾಡುವಾಗ ಯೂನಿಕೋಡ್ ಬಳಸಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಾಗದದ ಮೇಲೆ ಚೆನ್ನಾಗಿಯೇ ಬರುತ್ತದೆ, ಅದನ್ನೇ ನಕಲಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ.

ಕೊನೆಯದಾಗಿ, ಇಂಗ್ಲಿಷ್ ಪ್ರತಿಯನ್ನು ನೋಡಿರದ ಒಬ್ಬರಿಗೆ ಕನ್ನಡ ಪ್ರತಿಯನ್ನು ಕೊಡಿ. ಶಾಲೆಯ ಆಯಾ ಅಥವಾ ವಾಹನದ ಚಾಲಕರು ಇದಕ್ಕೆ ಶಿಕ್ಷಕರಿಗಿಂತ ಉತ್ತಮ ಪರೀಕ್ಷಕರು. “ಅರ್ಥವಾಯಿತೇ?” ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. “12ನೇ ತಾರೀಖು ಕಟ್ಟಿದರೆ ಎಷ್ಟಾಗುತ್ತದೆ, ಮಗು ಯಾವತ್ತು ಶಾಲೆಗೆ ಬರಬೇಕು?” ಎಂದು ಕೇಳಿ. 12,600 ಮತ್ತು 19 ಎಂಬ ಉತ್ತರ ತಡವರಿಸದೆ ಬಂದರೆ ಸುತ್ತೋಲೆಯನ್ನು ಸಹಿಗೆ ಕಳುಹಿಸಬಹುದು. ಬೇರೆ ಸಂಖ್ಯೆ ಬಂದರೆ ಮೂರನೆಯ ಹಂತಕ್ಕೆ ಮರಳಿ.