ಎಪಿಕೆ ಫೈಲ್‌ನಿಂದ ಆ್ಯಪ್ ಹಾಕಿಕೊಳ್ಳುವುದು ಹೇಗೆ? ಯಾವುದನ್ನು ಹಾಕಬಾರದು?

ಕಳೆದ ತಿಂಗಳು ನಮ್ಮ ಚಿಕ್ಕಪ್ಪನ ವಾಟ್ಸ್‌ಆ್ಯಪ್‌ಗೆ ಒಂದು ಫೈಲ್ ಬಂತು. ಹೆಸರು `RTO Challan.apk`. ಕಳಿಸಿದ್ದು ಎದುರು ಮನೆಯವರ ನಂಬರ್‌ನಿಂದ. "ಸಿಗ್ನಲ್ ಜಂಪ್ ಮಾಡಿದೀನೇನೋ, ಒತ್ತಿ ನೋಡಲೇನಪ್ಪಾ?" ಎಂದು ಚಿಕ್ಕಪ್ಪ ನನಗೆ ಫೋನ್ ಮಾಡಿದರು. ಬೇಡ ಎಂದೆ. ಎದುರು ಮನೆಯವರನ್ನು ಕೇಳಿದರೆ, ತಾವು ಅಂಥದ್ದೇನನ್ನೂ ಕಳಿಸಿಯೇ ಇಲ್ಲ ಎಂದರು. ಎರಡು ದಿನದ ಹಿಂದೆ ಅದೇ ಫೈಲ್ ಅವರಿಗೂ ಬಂದಿತ್ತು, ಅವರು ಒತ್ತಿದ್ದರು.

ದಂಡದ ಚೀಟಿ ಚಿತ್ರವಾಗಿ ಬರಬಹುದು, ಪಿಡಿಎಫ್ ಆಗಿ ಬರಬಹುದು. ಹೆಸರಿನ ಕೊನೆಗೆ `.apk` ಇದ್ದರೆ ಅದು ಚೀಟಿಯಲ್ಲ, ಫೋನಿನೊಳಗೆ ಕೂತು ಕೆಲಸ ಮಾಡುವ ಆ್ಯಪ್. ಮದುವೆ ಕರೆಯೋಲೆಯೂ ಅಷ್ಟೆ, ಬ್ಯಾಂಕಿನ ಕೆವೈಸಿ ಫಾರಂ ಕೂಡ ಅಷ್ಟೆ. ಓದುವ ಕಾಗದಕ್ಕೆ ಆ್ಯಪ್ ಹಾಕಿಸುವ ಅಗತ್ಯವೇ ಇಲ್ಲ. ಚಲನ್ ಇದೆಯೇ ಎಂದು ನೋಡಲು echallan.parivahan.gov.in ಇದೆ. ಅಲ್ಲಿ ಚಿಕ್ಕಪ್ಪನ ಗಾಡಿಯ ಮೇಲೆ ಒಂದು ಚಲನ್ ಕೂಡ ಇರಲಿಲ್ಲ.

ಹಾಗೆಂದು ಎಪಿಕೆ ಎಂದರೆಲ್ಲ ಮೋಸವೆಂದಲ್ಲ. ಪ್ಲೇ ಸ್ಟೋರಿನಿಂದ ಇಳಿಯುವುದೂ ಎಪಿಕೆಯೇ. ಕೆಲವು ಒಳ್ಳೆಯ ಆ್ಯಪ್‌ಗಳು ಅಲ್ಲಿ ಸಿಗುವುದೇ ಇಲ್ಲ. ಎಫ್-ಡ್ರಾಯ್ಡ್ ಅಂಥದ್ದೊಂದು. ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಆ್ಯಪ್‌ಗಳನ್ನಷ್ಟೇ ಇಡುವ ಇನ್ನೊಂದು ಸ್ಟೋರ್ ಅದು. 2010ರಿಂದ ಇದೆ. ಅದನ್ನೇ ಹಾಕಿಕೊಂಡು ನೋಡೋಣ.

ಮೊದಲು ಕ್ರೋಮ್ ತೆರೆದು ಮೇಲಿನ ಪಟ್ಟಿಯಲ್ಲಿ f-droid.org ಎಂದು ನೀವೇ ಟೈಪ್ ಮಾಡಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದನ್ನು ಒತ್ತಬೇಡಿ. ಮೇಲೆ ಬರುವುದು ಜಾಹೀರಾತಾಗಿರಬಹುದು, ಅಥವಾ ಒಂದಕ್ಷರ ಬದಲಾದ ನಕಲಿ ತಾಣವಾಗಿರಬಹುದು. ಪುಟದಲ್ಲಿ ಡೌನ್‌ಲೋಡ್ ಬಟನ್ ಒತ್ತಿದರೆ ಈ ಫೈಲ್ ಹಾನಿ ಮಾಡಬಹುದು ಎಂಬ ಎಚ್ಚರಿಕೆ ಬರುತ್ತದೆ. ಎಪಿಕೆ ಯಾವುದೇ ಇರಲಿ, ಕ್ರೋಮ್ ಹೀಗೆ ಎಚ್ಚರಿಸುತ್ತದೆ. ತಾಣದ ಹೆಸರು ಸರಿಯಿದೆಯೇ ಎಂದು ಮತ್ತೊಮ್ಮೆ ನೋಡಿ ಮುಂದುವರಿಯಿರಿ.

ಇಳಿದ `F-Droid.apk` ಒತ್ತಿದಾಗ ಫೋನ್ ತಡೆಯುತ್ತದೆ. ಈ ಮೂಲದಿಂದ ಆ್ಯಪ್ ಹಾಕಲು ಅನುಮತಿ ಇಲ್ಲ ಎನ್ನುತ್ತದೆ. ಅಲ್ಲೇ ಇರುವ `Settings` ಒತ್ತಿ, `Allow from this source` ಆನ್ ಮಾಡಿ, ಹಿಂದಕ್ಕೆ ಬಂದು `Install` ಒತ್ತಿ. ಅಷ್ಟೇ.

ಆ ಸ್ವಿಚ್ ಏನು ಮಾಡುತ್ತದೆ ಎಂಬುದನ್ನು ತಿಳಿದಿರಬೇಕು. ಅದು ಎಫ್-ಡ್ರಾಯ್ಡ್‌ಗೆ ಕೊಟ್ಟ ಅನುಮತಿಯಲ್ಲ, ಕ್ರೋಮ್‌ಗೆ ಕೊಟ್ಟದ್ದು. ಇನ್ನು ಮೇಲೆ ಕ್ರೋಮ್ ಇಳಿಸಿದ ಯಾವ ಎಪಿಕೆಗೂ ಈ ತಡೆ ಇರುವುದಿಲ್ಲ. ಹಳೆಯ ಫೋನುಗಳಲ್ಲಿ ಇಡೀ ಫೋನಿಗೆ ಒಂದೇ ಸ್ವಿಚ್ ಇತ್ತು. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಮಾಡಿದರು. ಆದ್ದರಿಂದ ಕೆಲಸ ಮುಗಿದ ಕೂಡಲೇ ಆಫ್ ಮಾಡಿ. ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕು ಜಾಗದಲ್ಲಿ `unknown` ಎಂದು ಹಾಕಿದರೆ `Install unknown apps` ಸಿಗುತ್ತದೆ. ಕಂಪನಿಯಿಂದ ಕಂಪನಿಗೆ ದಾರಿ ಬೇರೆ, ಹುಡುಕುವುದೇ ಸುಲಭ. ಆ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್ ಏನಾದರೂ ಆನ್ ಆಗಿದ್ದರೆ ಈಗಲೇ ತೆಗೆಯಿರಿ. ಮೆಸೇಜ್ ಆ್ಯಪ್‌ಗೆ ಆ ಅನುಮತಿ ಇರಲೇಬಾರದು.

ಆ್ಯಪ್ ತೆರೆದ ಮೇಲೆ ಅದು ಏನೇನು ಕೇಳುತ್ತದೆ ನೋಡಿ. ಕ್ಯಾಮೆರಾ ಆ್ಯಪ್ ಕ್ಯಾಮೆರಾ ಕೇಳಿದರೆ ಸರಿ, ಅಲ್ವಾ? ನಾನು ಹೆಚ್ಚು ಹೆದರುವುದು ಎರಡಕ್ಕೆ. ಒಂದು ಎಸ್‌ಎಂಎಸ್. ಅದು ಸಿಕ್ಕರೆ ಬ್ಯಾಂಕಿನ ಒಟಿಪಿ ನೀವು ಓದುವ ಮೊದಲೇ ಕಳ್ಳನಿಗೆ ಹೋಗುತ್ತದೆ. ಇನ್ನೊಂದು ಆ್ಯಕ್ಸೆಸಿಬಿಲಿಟಿ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲು ಮಾಡಿರುವ ಸೌಲಭ್ಯ ಇದು. ಇದನ್ನು ಪಡೆದ ಆ್ಯಪ್ ಪರದೆಯ ಮೇಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಬಟನ್ ಕೂಡ ಒತ್ತಬಲ್ಲದು. ಇದೇ ಕಾರಣಕ್ಕೆ ಆಂಡ್ರಾಯ್ಡ್ 13ರಿಂದ ಈಚೆಗೆ, ಹೀಗೆ ಹೊರಗಿನಿಂದ ಬಂದ ಆ್ಯಪ್‌ಗೆ ಆ್ಯಕ್ಸೆಸಿಬಿಲಿಟಿ ಕೊಡಲು ಹೋದರೆ `Restricted setting` ಎಂದು ತಡೆ ಬರುತ್ತದೆ. ಮೇಲಿನ ಮೂರು ಚುಕ್ಕಿ ಒತ್ತಿ `Allow restricted settings` ಆರಿಸಿ ಎಂದು ಯಾರಾದರೂ ಫೋನಿನಲ್ಲಿ ಹೇಳಿಕೊಡುತ್ತಿದ್ದರೆ, ತಕ್ಷಣ ಕಾಲ್ ಕಟ್ ಮಾಡಿ. ಕೆಟ್ಟ ಆ್ಯಪ್‌ಗಳನ್ನು ಹುಡುಕುವ ಗೂಗಲ್‌ನ ಕಾವಲು ಪ್ಲೇ ಪ್ರೊಟೆಕ್ಟ್. ಅದನ್ನು ಆಫ್ ಮಾಡಿ ಎಂದರೂ ಅಷ್ಟೆ.

ಇನ್ನು ಫೈಲ್ ಎಲ್ಲಿಂದ ಬಂತು ಎಂಬ ಮಾತು. ಆ್ಯಪ್ ಮಾಡಿದವರದೇ ತಾಣ ಇದ್ದರೆ ಅಲ್ಲಿಂದಲೇ ತೆಗೆದುಕೊಳ್ಳಿ. ದುಡ್ಡು ಕೊಡಬೇಕಾದ ಆ್ಯಪ್ ಬಿಟ್ಟಿ, ಜಾಹೀರಾತಿಲ್ಲದ ಆವೃತ್ತಿ, ಮಾಡ್ ಎಂದೆಲ್ಲ ಆಸೆ ತೋರಿಸುವ ಫೈಲ್ ಬೇಡ. ಅದನ್ನು ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಒಳಗೆ ಏನು ಸೇರಿಸಿದ್ದಾರೆ ಎಂದು ನಿಮಗೆ ತಿಳಿಯುವ ದಾರಿ ಇಲ್ಲ.

ಇದನ್ನು ಫೋನೇ ಒಮ್ಮೊಮ್ಮೆ ತೋರಿಸಿಕೊಡುತ್ತದೆ. ಪ್ರತಿ ಎಪಿಕೆಗೂ ಅದನ್ನು ಮಾಡಿದವರ ಡಿಜಿಟಲ್ ಸಹಿ ಇರುತ್ತದೆ. ಮೊದಲೇ ಇರುವ ಆ್ಯಪ್‌ನ ಮೇಲೆ ಹೊಸದನ್ನು ಹಾಕುವಾಗ ಎರಡರ ಸಹಿಯೂ ಒಂದೇ ಆಗಿರಬೇಕು. ಬಿಚ್ಚಿ ಕಟ್ಟಿದವನ ಹತ್ತಿರ ಮೂಲದವರ ಸಹಿ ಇರುವುದಿಲ್ಲ. ಆಗ `App not installed` ಎಂದು ಬರುತ್ತದೆ, ಕೆಲವು ಫೋನುಗಳಲ್ಲಿ ಹಳೆಯದಕ್ಕೂ ಇದಕ್ಕೂ ತಾಳೆಯಿಲ್ಲ ಎಂಬ ಮಾತೂ ಸೇರಿರುತ್ತದೆ. ಜಾಗ ಸಾಲದಿದ್ದರೂ ಈ ಸಂದೇಶ ಬರಬಹುದು, ಮೊದಲು ಅದನ್ನು ನೋಡಿ. ಜಾಗ ಇದ್ದೂ ಬಂದರೆ, ಹಳೆಯದನ್ನು ಅಳಿಸಿ ಹೊಸದನ್ನು ಹಾಕಲು ಹೋಗಬೇಡಿ. ಹಾಗೆ ಮಾಡಿದರೆ ಹೋಲಿಸಿ ನೋಡಲು ಫೋನಿನ ಬಳಿ ಹಳೆಯ ಸಹಿಯೇ ಉಳಿಯುವುದಿಲ್ಲ. ಪಾರ್ಸಿಂಗ್ ತೊಂದರೆ ಎಂದು ಬಂದರೆ ವಿಷಯ ಬೇರೆ. ಫೈಲ್ ಅರ್ಧ ಇಳಿದಿರುತ್ತದೆ, ಇಲ್ಲವೇ ನಿಮ್ಮ ಆಂಡ್ರಾಯ್ಡ್ ಆ ಆ್ಯಪ್‌ಗೆ ಹಳೆಯದಾಗಿರುತ್ತದೆ.

ಸಹಿಗೂ ಒಂದು ಮಿತಿ ಇದೆ. ಮೊದಲ ಸಲ ಹಾಕುವಾಗ ಹೋಲಿಸಲು ಹಳೆಯದು ಇರುವುದಿಲ್ಲ. `RTO Challan.apk`ಗೂ ಒಂದು ಸಹಿ ಇತ್ತು, ಕಳ್ಳನದೇ ಸಹಿ.

ಎದುರು ಮನೆಯವರ ಫೋನ್ ನೋಡಿದಾಗ ಆ ಆ್ಯಪ್‌ನ ಚಿತ್ರ ಪರದೆಯಲ್ಲಿ ಎಲ್ಲೂ ಇರಲಿಲ್ಲ. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಮಾತ್ರ ಇತ್ತು. ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿತ್ತು, ಒತ್ತಿದರೂ ಕೆಲಸ ಮಾಡುತ್ತಿರಲಿಲ್ಲ. ಅದು ಫೋನಿನ ಮೇಲೆ ವಿಶೇಷ ಅಧಿಕಾರ ಪಡೆದ ಆ್ಯಪ್‌ಗಳ `Device admin apps` ಪಟ್ಟಿಗೆ ಸೇರಿಕೊಂಡಿತ್ತು. ಮೊದಲು ಮೊಬೈಲ್ ಡೇಟಾ, ವೈಫೈ ಆಫ್ ಮಾಡಿ ಸಿಮ್ ತೆಗೆದೆವು. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ನಿಲ್ಲಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟೆವು. ಆಮೇಲೆ ಅಡ್ಮಿನ್ ಪಟ್ಟಿಯಿಂದ ಆ ಆ್ಯಪ್ ತೆಗೆದ ಮೇಲೆ ಅನ್‌ಇನ್‌ಸ್ಟಾಲ್ ಆಯಿತು. ಅಷ್ಟಕ್ಕೆ ಬಿಡಲು ನನಗೆ ಧೈರ್ಯ ಬರಲಿಲ್ಲ. ಫೋಟೋಗಳನ್ನು ಬೇರೆ ಕಡೆ ಇಟ್ಟು ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆವು. ಯುಪಿಐ ಪಿನ್, ಪಾಸ್‌ವರ್ಡ್ ಎಲ್ಲ ಬದಲಾಯಿಸಿದ್ದು ಅದಾದ ಮೇಲೆಯೇ. ಆ ಆ್ಯಪ್ ಒಳಗಿರುವಾಗಲೇ ಬದಲಾಯಿಸಿದ್ದರೆ ಹೊಸ ಪಾಸ್‌ವರ್ಡ್ ಕೂಡ ಅದರ ಕಣ್ಣಿಗೆ ಬೀಳುತ್ತಿತ್ತು.